ಐನೂರು ಯುಎಸ್‌ಡಿಟಿ ರೂಪಾಯಿ ಆಗುವಾಗ ಹಣ ಸೋರುವುದೆಲ್ಲಿ?

ಡಾಲರ್ ಬೆಲೆಗೆ ಕಟ್ಟಿಹಾಕಿದ ಕ್ರಿಪ್ಟೋ ನಾಣ್ಯ, ಅಂದರೆ ಸ್ಟೇಬಲ್‌ಕಾಯಿನ್, ಯುಎಸ್‌ಡಿಟಿ. ನಿಮ್ಮ ಹಳೆಯ ಎಕ್ಸ್‌ಚೇಂಜ್ ಖಾತೆಯಲ್ಲಿ 502 ಯುಎಸ್‌ಡಿಟಿ ಇದೆ, ಅದನ್ನು ಭಾರತದ ಎಕ್ಸ್‌ಚೇಂಜ್‌ನಲ್ಲಿ ಮಾರಿ ರೂಪಾಯಿ ಮಾಡಿಕೊಳ್ಳಬೇಕು ಎಂದಿಟ್ಟುಕೊಳ್ಳಿ. ಆ್ಯಪ್ ತೆರೆದರೆ ದೊಡ್ಡ ಅಕ್ಷರದಲ್ಲಿ 90 ರೂಪಾಯಿ ಎಂದು ಕಾಣುತ್ತದೆ. ಮನಸ್ಸು ತಕ್ಷಣ 45,180 ರೂಪಾಯಿ ಎಂದು ಲೆಕ್ಕ ಹಾಕುತ್ತದೆ. ಬ್ಯಾಂಕಿಗೆ ಅಷ್ಟು ಬರುವುದಿಲ್ಲ. ಎಷ್ಟು ಬರುತ್ತದೆ ಎಂಬುದನ್ನು ಮಾರುವ ಮೊದಲೇ ತಿಳಿಯಬಹುದು. ಇಲ್ಲಿನ ದರ, ಶುಲ್ಕಗಳು ಉದಾಹರಣೆಗೆ ಮಾತ್ರ. ನಿಮ್ಮ ಪರದೆಯಲ್ಲಿ ಕಾಣುವ ಅಂಕಿಗಳನ್ನು ಹಾಕಿಕೊಂಡು ಇದೇ ಲೆಕ್ಕ ಮಾಡಿ.

ಮೊದಲು ನಾಣ್ಯವನ್ನು ಇಲ್ಲಿಗೆ ತರಬೇಕು. ಹೊರಗೆ ಕಳುಹಿಸಲು ಹಳೆಯ ಎಕ್ಸ್‌ಚೇಂಜ್ 2 ಯುಎಸ್‌ಡಿಟಿ ಮುರಿದುಕೊಂಡರೆ 500 ಉಳಿಯುತ್ತದೆ. ಈ ಶುಲ್ಕ ನೆಟ್‌ವರ್ಕ್‌ಗೆ ತಕ್ಕಂತೆ ಬದಲಾಗುತ್ತದೆ. ಅಗ್ಗವೆಂದು TRC20 ಎಂಬ ನೆಟ್‌ವರ್ಕ್ ಆರಿಸುವ ಮೊದಲು, ಹಣ ಪಡೆಯುವ ಕಡೆಯೂ ಅದೇ ನೆಟ್‌ವರ್ಕ್‌ನ ವಿಳಾಸ ಕೊಟ್ಟಿದೆಯೇ ಎಂದು ನೋಡಿ. ತಪ್ಪು ನೆಟ್‌ವರ್ಕ್‌ನಲ್ಲಿ ಹೋದ ನಾಣ್ಯ ಮರಳಿ ಸಿಗದೇ ಹೋಗಬಹುದು. ಹಾಗಾಗಿ ಮೊದಲು ಸಣ್ಣ ಮೊತ್ತ ಕಳುಹಿಸಿ ನೋಡುವುದು ಒಳ್ಳೆಯದು. ಅದಕ್ಕೆ ಇನ್ನೊಂದು ಸಲ ಶುಲ್ಕ ತೆತ್ತರೂ ಚಿಂತೆಯಿಲ್ಲ.

ಇನ್ನು ದರ. ಪರದೆಯ ಮೇಲಿನ 90 ರೂಪಾಯಿ ಎಂದರೆ ಕೊನೆಯದಾಗಿ ನಡೆದ ವ್ಯವಹಾರದ ದರ. ಅದೇ ದರಕ್ಕೆ ನಿಮ್ಮಿಂದ ಕೊಳ್ಳಲು ಯಾರೂ ಕಾದು ಕುಳಿತಿಲ್ಲ. ಕೊಳ್ಳುವವರು, ಮಾರುವವರು ಕೇಳಿದ ದರಗಳ ಪಟ್ಟಿಯಾದ ಆರ್ಡರ್ ಬುಕ್ ತೆರೆದು, ಕೊಳ್ಳುವವರ ಸಾಲನ್ನು ಓದಿ. 89.40ಕ್ಕೆ 200 ಬೇಕೆಂದು ಒಬ್ಬರು, 89.10ಕ್ಕೆ 300 ಬೇಕೆಂದು ಇನ್ನೊಬ್ಬರು ನಿಂತಿದ್ದಾರೆ. ಸಿಕ್ಕ ದರಕ್ಕೆ ತಕ್ಷಣ ಮಾರುವ ಮಾರ್ಕೆಟ್ ಆರ್ಡರ್ ಒತ್ತಿದರೆ ನಿಮ್ಮ 500 ಈ ಇಬ್ಬರಿಗೂ ಹಂಚಿ ಹೋಗುತ್ತದೆ: 17,880 ಮತ್ತು 26,730, ಒಟ್ಟು 44,610 ರೂಪಾಯಿ. ಸರಾಸರಿ ದರ 89.22. ಯಾವ ರಸೀದಿಯಲ್ಲೂ ಶುಲ್ಕ ಎಂದು ನಮೂದಾಗದೆ 390 ರೂಪಾಯಿ ಇಲ್ಲಿಯೇ ಹೋಯಿತು. ಅವಸರವಿಲ್ಲದಿದ್ದರೆ 89.80ಕ್ಕಿಂತ ಕಡಿಮೆಗೆ ಮಾರದಂತೆ ಲಿಮಿಟ್ ಆರ್ಡರ್ ಇಟ್ಟು ಕಾಯಬಹುದು. ಸ್ಟೇಬಲ್‌ಕಾಯಿನ್ ದರ ಬಿಟ್‌ಕಾಯಿನ್‌ನಂತೆ ಜಿಗಿಯುವುದಿಲ್ಲವಾದ್ದರಿಂದ ಕಾಯುವುದರಲ್ಲಿ ಅಪಾಯ ಕಡಿಮೆ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ: 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದಾಗ, ಅಲ್ಲಿ ಮೀಸಲು ಹಣ ಇಟ್ಟಿದ್ದ ಯುಎಸ್‌ಡಿಸಿ ಎಂಬ ಇನ್ನೊಂದು ಸ್ಟೇಬಲ್‌ಕಾಯಿನ್ ಒಂದು ಡಾಲರ್‌ನಿಂದ 88 ಸೆಂಟ್‌ಗೂ ಕೆಳಗೆ ಇಳಿದಿತ್ತು.

‘ಶುಲ್ಕ ಶೂನ್ಯ, ತಕ್ಷಣ ಪರಿವರ್ತನೆ’ ಎಂಬ ಬಟನ್ ಕಂಡರೆ ಇನ್ನೂ ಎಚ್ಚರವಾಗಿರಿ. ಅಲ್ಲಿ ಮಾರುವ ದರವನ್ನೂ ಕೊಳ್ಳುವ ದರವನ್ನೂ ಒಂದೇ ನಿಮಿಷದಲ್ಲಿ ನೋಡಿ, ಯಾವುದನ್ನೂ ದೃಢಪಡಿಸಬೇಡಿ. ಮಾರಿದರೆ 88.40, ಕೊಂಡರೆ 91.20 ಎಂದು ತೋರಿಸಿದರೆ ನಡುವಿನ ದರ 89.80. ಅಂದರೆ ಪ್ರತಿ ನಾಣ್ಯಕ್ಕೆ 1.40 ರೂಪಾಯಿ ದರದೊಳಗೇ ಅಡಗಿದೆ. ನಿಮ್ಮ 500ಕ್ಕೆ 44,200 ರೂಪಾಯಿ ಸಿಗುತ್ತದೆ. ಶುಲ್ಕ ಕೊಟ್ಟು ಆರ್ಡರ್ ಬುಕ್‌ನಲ್ಲಿ ಮಾರಿದರೂ ಇದಕ್ಕಿಂತ ಸುಮಾರು 300 ರೂಪಾಯಿ ಹೆಚ್ಚು ಸಿಗುತ್ತಿತ್ತು. ಬ್ಯಾಂಕಿನ ಡಾಲರ್ ದರಕ್ಕಿಂತ 88.40 ಹೆಚ್ಚಿದೆಯಲ್ಲ ಎಂದು ಹಿಗ್ಗುವವರನ್ನು ಕಂಡಿದ್ದೇನೆ. ಭಾರತದಲ್ಲಿ ಯುಎಸ್‌ಡಿಟಿ ಸಾಮಾನ್ಯವಾಗಿ ಡಾಲರ್‌ಗಿಂತ ಕೆಲವು ರೂಪಾಯಿ ಮೇಲೆಯೇ ಇರುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಆರ್ಡರ್ ಬುಕ್‌ನ ದರದೊಂದಿಗೆ.

ಈಗ ಕಡಿತಗಳು. 44,610ಕ್ಕೆ ಶೇ 0.2 ಶುಲ್ಕವೆಂದರೆ 89.22, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 16.06. ಉಳಿದ ಮೊತ್ತದ ಮೇಲೆ ಶೇ 1 ಟಿಡಿಎಸ್, ಸುಮಾರು 445 ರೂಪಾಯಿ. ಬ್ಯಾಂಕಿಗೆ ವರ್ಗಾಯಿಸಲು ಹತ್ತು ರೂಪಾಯಿ ಕಳೆದರೆ ಕೈಗೆ ಬರುವುದು ಸುಮಾರು 44,050. ಇದನ್ನು 500ರಿಂದ ಅಲ್ಲ, ನೀವು ಮೊದಲು ಹೊಂದಿದ್ದ 502ರಿಂದ ಭಾಗಿಸಿ: ನಿಜವಾದ ದರ 87.75.

ಮೊದಲು ಲೆಕ್ಕ ಹಾಕಿದ 45,180ಕ್ಕಿಂತ ಸುಮಾರು 1,130 ರೂಪಾಯಿ ಕಡಿಮೆಯಾಯಿತು. ಈ ಕೊರತೆಯಲ್ಲಿ ಟಿಡಿಎಸ್ ಮಾತ್ರ ಬೇರೆ ಜಾತಿಯದು. 2022ರ ಜುಲೈ 1ರಿಂದ ಜಾರಿಯಲ್ಲಿರುವ ಈ ಕಡಿತ ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ಹೊಂದುತ್ತದೆ. ಉಳಿದ ಸುಮಾರು 685 ರೂಪಾಯಿ ಹೋದದ್ದು ಹೋದಂತೆಯೇ. ಲಾಭವಾಗಿದ್ದರೆ ಅದರ ಮೇಲೆ ಶೇ 30 ತೆರಿಗೆ ಮತ್ತು ಸೆಸ್ ಇದೆ. ಆ ಲಾಭ ಲೆಕ್ಕ ಹಾಕುವಾಗ ಕೊಂಡ ಬೆಲೆಯನ್ನು ಮಾತ್ರ ಕಳೆಯಬಹುದು. ಮಾರುವಾಗ ತೆತ್ತ ಶುಲ್ಕ, ನಾಣ್ಯ ಸಾಗಿಸಿದ ಖರ್ಚು ಯಾವುದನ್ನೂ ಕಳೆಯಲು ಬಿಡುವುದಿಲ್ಲ.

ಪಿಟುಪಿಯಲ್ಲಿ, ಅಂದರೆ ಅಪರಿಚಿತ ವ್ಯಕ್ತಿಗೆ ನೇರವಾಗಿ ಮಾರುವಲ್ಲಿ, 91 ರೂಪಾಯಿಯೂ ಸಿಗಬಹುದು. ಆದರೆ ಕೊಂಡವನು ಕಳುಹಿಸಿದ ಹಣ ಯಾವುದೋ ಸೈಬರ್ ವಂಚನೆಯದಾಗಿದ್ದರೆ, ಪೊಲೀಸರ ಸೂಚನೆಯಂತೆ ಬ್ಯಾಂಕ್ ನಿಮ್ಮ ಖಾತೆಯನ್ನೇ ತಡೆಹಿಡಿಯಬಹುದು. ಆ್ಯಪ್‌ನಲ್ಲಿರುವ ಹೆಸರೂ ಹಣ ಬಂದ ಖಾತೆಯ ಹೆಸರೂ ಬೇರೆಯಾಗಿದ್ದರೆ ನಾಣ್ಯ ಬಿಡುಗಡೆ ಮಾಡಬೇಡಿ, ಹಣ ಹಿಂದಿರುಗಿಸುವ ಬಗ್ಗೆ ಆ್ಯಪ್‌ನೊಳಗೇ ದೂರು ದಾಖಲಿಸಿ. ಹೆಸರು ಹೊಂದಿದ ಮಾತ್ರಕ್ಕೆ ಆ ಹಣ ಶುದ್ಧವೆಂದೇನೂ ಅಲ್ಲ. ಹೆಚ್ಚುವರಿ ಒಂದು ರೂಪಾಯಿಗಾಗಿ ಸಂಬಳ ಬರುವ ಖಾತೆಯನ್ನು ಅಲ್ಲಿ ಕೊಡುವುದನ್ನು ನಾನಂತೂ ಒಪ್ಪಲಾರೆ.