ಅಧಿಸೂಚನೆ ಓದುವಾಗ ಕೊನೆಯ ದಿನಾಂಕದಿಂದ ಶುರುಮಾಡಿ

ಕರ್ನಾಟಕ ಲೋಕಸೇವಾ ಆಯೋಗದ ಅಧಿಸೂಚನೆಯನ್ನು kpsc.kar.nic.in ತಾಣದಿಂದಲೇ ಇಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಒಂದು ಪುಟದ ಚಿತ್ರದಲ್ಲಿ ಹುದ್ದೆಗಳ ಸಂಖ್ಯೆ ದೊಡ್ಡ ಅಕ್ಷರದಲ್ಲಿರುತ್ತದೆ, ಷರತ್ತುಗಳು ಇರುವುದಿಲ್ಲ. ಆಮೇಲೆ ತಿದ್ದುಪಡಿ ಅಧಿಸೂಚನೆ ಬಂದರೆ ಅದೂ ಅಲ್ಲಿಗೆ ತಲುಪುವುದು ಅಪರೂಪ.

ಪುಟ ತೆರೆದವರ ಕಣ್ಣು ಮೊದಲು ಸಂಬಳದ ಮೇಲೆ ಬೀಳುತ್ತದೆ. ನೋಡಬೇಕಾದದ್ದು ಅರ್ಜಿ ಸಲ್ಲಿಸಲು ಕೊನೆಯ ದಿನಾಂಕವನ್ನು. ವಯಸ್ಸು, ವಿದ್ಯಾರ್ಹತೆ, ಜಾತಿ ಪ್ರಮಾಣಪತ್ರ ಎಲ್ಲವನ್ನೂ ಸಾಮಾನ್ಯವಾಗಿ ಆ ದಿನಕ್ಕೆ ಲೆಕ್ಕ ಹಾಕುತ್ತಾರೆ. ಪದವಿಯ ಫಲಿತಾಂಶ ಮರುದಿನ ಬಂದರೂ ಅರ್ಹತೆ ಇಲ್ಲ.

ಸಾಮಾನ್ಯ ನೇಮಕಾತಿ ನಿಯಮದಂತೆ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ 40. ಕೆಲವೊಮ್ಮೆ ಸರ್ಕಾರ ಒಂದು ಬಾರಿಯ ಸಡಿಲಿಕೆ ಕೊಡುತ್ತದೆ. ಅದು ನಿಮ್ಮ ಅಧಿಸೂಚನೆಯಲ್ಲಿ ಬರೆದಿದ್ದರೆ ಮಾತ್ರ ನಂಬಿ.

ಎಡವುವುದು ಹೆಚ್ಚಾಗಿ ಪ್ರಮಾಣಪತ್ರದಲ್ಲಿ. ಪರಿಶಿಷ್ಟರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎಯಿಂದ 3ಬಿವರೆಗೆ ನಮೂನೆ-ಎಫ್. ಎಫ್‌ನಲ್ಲಿ ಆದಾಯದ ಲೆಕ್ಕವೂ ಸೇರಿರುವುದರಿಂದ ಅದು ಐದು ವರ್ಷ ಮಾತ್ರ ಊರ್ಜಿತ. ಒಂದು ಲೆಕ್ಕ ಹಾಕೋಣ. ಕೊನೆಯ ದಿನ 2026ರ ಜುಲೈ 10, ಸಡಿಲಿಕೆ ಇಲ್ಲ ಎಂದುಕೊಳ್ಳಿ. 2ಎ ಅಭ್ಯರ್ಥಿಯೊಬ್ಬರು ಹುಟ್ಟಿದ್ದು 1988ರ ಆಗಸ್ಟ್ 1ರಂದು. ಆ ದಿನಕ್ಕೆ 37 ವರ್ಷ, 11 ತಿಂಗಳು, ಮಿತಿಯೊಳಗೇ ಇದ್ದಾರೆ. ಆದರೆ ಅವರ ನಮೂನೆ-ಎಫ್ 2021ರ ಜುಲೈ 4ರದ್ದು. ಕೊನೆಯ ದಿನಕ್ಕೆ ಆರೇಳು ದಿನ ಮುಂಚೆಯೇ ಅದರ ಅವಧಿ ಮುಗಿದಿದೆ. ಹಾಗಾಗಿ ಮೀಸಲಾತಿ ತಪ್ಪಿ ಅವರನ್ನು ಸಾಮಾನ್ಯ ವರ್ಗದಲ್ಲಿ ಎಣಿಸುತ್ತಾರೆ. ಅಲ್ಲಿ ಮಿತಿ 35, ಅರ್ಜಿಯೇ ತಿರಸ್ಕೃತ. ದಾಖಲೆ ಪರಿಶೀಲನೆಗೆ ಕರೆದಾಗ ಹೊಸ ಪತ್ರ ತಂದರೆ ಆಗದು, ಅದರ ಮೇಲಿನ ದಿನಾಂಕ ಕೊನೆಯ ದಿನದ ನಂತರದ್ದಾಗಿರುತ್ತದೆ. ನಾಡಕಚೇರಿಗೆ ಅರ್ಜಿ ಹಾಕಬೇಕಾದದ್ದು ಅಧಿಸೂಚನೆ ಬರುವ ಮುಂಚೆ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೂ ಹಾಗೆ ಓದಿರಬೇಕು. ಹೈಸ್ಕೂಲು ಪಟ್ಟಣದಲ್ಲಾಗಿದ್ದರೆ ಗ್ರಾಮೀಣ ಕೋಟಾ ಕೇಳಬೇಡಿ. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳುವುದಾದರೆ ಮೇಲುಸ್ತರಕ್ಕೆ ಸೇರಿಲ್ಲವೆಂಬ ಪತ್ರವೂ ಬೇಕು. ಇದನ್ನು ಮರೆಯುವವರು ಬಹಳ. ಕಲ್ಯಾಣ ಕರ್ನಾಟಕದ ಹುದ್ದೆಗಳಿಗೆ 371(ಜೆ) ಪತ್ರವನ್ನು ಉಪವಿಭಾಗಾಧಿಕಾರಿಯಿಂದ ಪಡೆಯಬೇಕು, ಜಾತಿ ಪತ್ರ ಅದರ ಜಾಗ ತುಂಬದು.

ಇನ್ನು ಪರೀಕ್ಷೆ. ಪದವಿ ಮಟ್ಟದ ಗ್ರೂಪ್-ಸಿ ಹುದ್ದೆಗಳಿಗೆ ಸಾಮಾನ್ಯವಾಗಿ ತಲಾ 100 ಅಂಕದ ಎರಡು ಪತ್ರಿಕೆ. ಮೊದಲನೆಯದು ಸಾಮಾನ್ಯ ಜ್ಞಾನ, ಎರಡನೆಯದು ಸಂವಹನ: ಕನ್ನಡ 35, ಇಂಗ್ಲಿಷ್ 35, ಕಂಪ್ಯೂಟರ್ 30. ತಪ್ಪುತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕದ್ದು. ಅದರಲ್ಲಿ 50 ಬಾರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಬಂದಿದ್ದರೂ ಲೆಕ್ಕಕ್ಕಿಲ್ಲ.