ಸೈಟ್ ಗ್ರೂಪಿನ ಬೈಗುಳದಿಂದ ಮಾಲೀಕರಿಗೆ ಪತ್ರ: ಕೆಲಸ ತಡವಾದಾಗ ನಾನು ಬರೆದ ರೀತಿ

ಮಡಿಕೇರಿ ಹತ್ತಿರ ಆರು ರೂಮಿನ ಹೋಂಸ್ಟೇ ಕಟ್ಟುತ್ತಿದ್ದೆವು. ಮಾಲೀಕರಾದ ಮೇಡಂ ಇರುವುದು ಬೆಂಗಳೂರಿನಲ್ಲಿ. ಅಕ್ಟೋಬರ್ 20ಕ್ಕೆ ಬೀಗದ ಕೈ ಕೊಡಬೇಕು, ತಡವಾದರೆ ವಾರಕ್ಕೆ 10,000 ಕಡಿತ ಅಂತ ಒಪ್ಪಂದ. ಸೆಪ್ಟೆಂಬರ್ ಮಧ್ಯದಲ್ಲಿ ನಮ್ಮ ಸೈಟ್ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮೆಸೇಜುಗಳು ಇವು:

"ಅಣ್ಣ, ಟೆರೇಸ್ ವಾಟರ್ ಪ್ರೂಫಿಂಗ್ ಎದ್ದು ಬಂತು. ಒದ್ದೆ ಮೇಲೇ ಹೊಡೆದ್ರು. ನಾನು ಬೇಡ ಅಂದಿದ್ದೆ."
"ಟೈಲ್ಸ್ ಲೆಕ್ಕ ಯಾರು ಹಾಕಿದ್ದು? 40 ಬಾಕ್ಸ್ ಶಾರ್ಟ್. ಆ ಬ್ಯಾಚ್ ಖಾಲಿಯಂತೆ."
"ಮೇಡಂ ಮತ್ತೆ ಬಾತ್‌ರೂಮ್ ಚೇಂಜ್. ಇದು ಮೂರನೇ ಸಲ. ಆಮೇಲೆ ನಮಗೇ ಬೈತಾರೆ."
"ಪ್ಲಂಬರ್ ಫೋನ್ ಎತ್ತಲ್ಲ."
"ಸುಮ್ನೆ ಮಳೆ ಅಂತ ಹೇಳಿಬಿಡಿ ಅಣ್ಣ."

ಕೊನೆಯ ಮೆಸೇಜಿನಂತೆಯೇ ಮಾಡಿ ಹಿಂದೆ ನಾನು ಕೆಟ್ಟಿದ್ದೇನೆ. ಸೋಮವಾರಪೇಟೆ ಕಡೆಯ ಒಂದು ಮನೆ ಕೆಲಸದಲ್ಲಿ ಎರಡು ಸಲ ಮಳೆ ಮೇಲೆ ಹಾಕಿ ಪತ್ರ ಬರೆದೆ. ಆ ಮಾಲೀಕರು ಕೇಳಿದ್ದು ಒಂದೇ ಮಾತು: "ಕೊಡಗಲ್ಲಿ ಜೂನ್‌ನಿಂದ ಮಳೆ ಬರುತ್ತೆ ಅಂತ ದಿನಾಂಕ ಕೊಡುವಾಗ ನಿಮಗೆ ಗೊತ್ತಿರಲಿಲ್ವಾ?" ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಕೊನೇ ಬಿಲ್ಲಿನಲ್ಲಿ ಹಿಡಿದ ಒಂದೂಮುಕ್ಕಾಲು ಲಕ್ಷ ಇನ್ನೂ ಪೂರ್ತಿ ಬಂದಿಲ್ಲ. ಇಲ್ಲಿ ಮಾಮೂಲಿ ಮಳೆ ಕಾರಣ ಆಗಲ್ಲ. ರಸ್ತೆ ಕುಸಿದು ಲಾರಿ ನಿಂತರೆ ಅದು ಕಾರಣ. ಆ ದಿನ, ಆ ಜಾಗ, ಎಷ್ಟು ದಿನ ನಿಂತಿತ್ತು ಎಂದು ಬರೆದರೆ ಒಪ್ಪುತ್ತಾರೆ.

ಇನ್ನೊಂದು ಸೈಟಿನಲ್ಲಿ ಉಲ್ಟಾ ಮಾಡಿ ನೋಡಿದೆ. ಏನೂ ಮುಚ್ಚಿಡಬಾರದು ಅಂತ ಗ್ರೂಪಿನ ಸ್ಕ್ರೀನ್‌ಶಾಟ್‌ಗಳನ್ನೇ ಕಳಿಸಿದೆ. ಮಾಲೀಕರಿಗೆ ಅದರಲ್ಲಿ ಕಂಡಿದ್ದು ನಮ್ಮ ಜಗಳ ಮಾತ್ರ. ಕೆಲಸ ಯಾವಾಗ ಮುಗಿಯುತ್ತದೆ ಅನ್ನುವುದು ಎಲ್ಲೂ ಇರಲಿಲ್ಲ.

ಈ ಸಲ ಚಾಟನ್ನು ಪ್ರಿಂಟ್ ತೆಗೆದೆ. ಆದದ್ದಕ್ಕೆ ಹಸಿರು ಗೆರೆ, ಸಿಟ್ಟಿಗೆ ಕೆಂಪು, ಊಹೆಗೆ ನೀಲಿ. "ಎದ್ದು ಬಂತು" ಹಸಿರು. "ನಾನು ಬೇಡ ಅಂದಿದ್ದೆ" ಕೆಂಪು. ಆದರೆ ಕೆಂಪು ಗೆರೆಯ ಸಾಲನ್ನು ಸೀದಾ ಹೊಡೆದು ಹಾಕಬಾರದು. ಆ ಸಿಟ್ಟಿನ ಒಳಗೆ ಒಂದು ವಿಷಯ ಇತ್ತು: ಒದ್ದೆ ಇದೆ ಅಂತ ನಮಗೆ ಮೊದಲೇ ಗೊತ್ತಿತ್ತು. ಅಂದರೆ ತಪ್ಪು ನಮ್ಮದು. ಹಾಗಾಗಿ ಪತ್ರದಲ್ಲಿ ಆ ಸಾಲು ಹೀಗಾಯಿತು:

"ಟೆರೇಸಿನ ವಾಟರ್ ಪ್ರೂಫಿಂಗ್ ಸೆಪ್ಟೆಂಬರ್ 13ರಂದು ಎದ್ದು ಬಂದಿದೆ. ಕಾಂಕ್ರೀಟ್ ಪೂರ್ತಿ ಒಣಗುವ ಮೊದಲೇ ನಾವು ಕೋಟ್ ಹಾಕಿದ್ದು ಕಾರಣ. ಇದು ನಮ್ಮ ತಪ್ಪು, ಖರ್ಚು ನಮ್ಮದು. ಹಳೆಯದನ್ನು ಕೆರೆದು ತೆಗೆದು, ಮೇಲೆ ತಾತ್ಕಾಲಿಕ ಶೀಟ್ ಹೊದಿಸಿ ಒಣಗಿಸಿ, ಹೊಸದಾಗಿ ಎರಡು ಕೋಟ್ ಹಾಕುತ್ತೇವೆ. ಆಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಿ, ಫೋಟೋ ಕಳಿಸುತ್ತೇವೆ. ಒಟ್ಟು 16 ದಿನ."

ಒಣಗಿದೆಯೋ ಇಲ್ಲವೋ ಅಂತ ಈ ಸಲ ಪ್ಲಾಸ್ಟಿಕ್ ಹಾಳೆ ಇಟ್ಟು ನೋಡಿದೆವು. ನಾಲ್ಕೂ ಬದಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಟ್ಟರೆ, ಒಳಗಡೆ ಹನಿ ಕಟ್ಟಿದರೆ ಇನ್ನೂ ತೇವ ಇದೆ ಎಂದರ್ಥ. ಮೂರನೇ ಸಲಕ್ಕೆ ಹನಿ ಬರಲಿಲ್ಲ.

ಬಾತ್‌ರೂಮ್ ಸಾಲಿಗೆ ತುಂಬಾ ಹೊತ್ತು ಹಿಡಿಯಿತು. ಮೊದಲು "ನಿಮ್ಮ ಬದಲಾವಣೆಗಳಿಂದ ತಡವಾಗಿದೆ" ಎಂದು ಬರೆದೆ. ಓದಿದರೆ ಬೆರಳು ತೋರಿಸಿದಂತಿತ್ತು. ಕೊನೆಗೆ ಬರೆದದ್ದು: "ಸೆಪ್ಟೆಂಬರ್ 4ರಂದು ನೀವು ಕಳಿಸಿದ ನಕ್ಷೆಯಂತೆ ಮಾಡಲು ಎರಡು ಬಾತ್‌ರೂಮಿನ ಪೈಪ್ ತೆಗೆದು ಮತ್ತೆ ಹಾಕಬೇಕು. 6 ದಿನ." ದಿನಾಂಕ ಇದೆ, ಕಾಗದ ಇದೆ, ಅಷ್ಟು ಸಾಕು. "ಮೂರನೇ ಸಲ" ಅನ್ನುವುದನ್ನು ಬಿಟ್ಟೆ. ಮೊದಲೆರಡು ಬದಲಾವಣೆಗೆ ನಮಗೆ ಒಂದು ದಿನವೂ ಹೋಗಿರಲಿಲ್ಲ, ನಕ್ಷೆಯಲ್ಲೇ ಮುಗಿದಿತ್ತು.

ಪ್ಲಂಬರ್ ಸಾಲು ಪತ್ರಕ್ಕೆ ಹೋಗಲೇ ಇಲ್ಲ. ಅವನನ್ನು ಕರೆಸುವುದು ನನ್ನ ಕೆಲಸ, ಮೇಡಂ ಅವರದ್ದಲ್ಲ. ಬೇರೆಯವರನ್ನು ಕುಶಾಲನಗರದಿಂದ ಕರೆಸಿದೆ. ದಿನಕ್ಕೆ ಮುನ್ನೂರೋ ನಾನೂರೋ ಜಾಸ್ತಿ ಹೋಯಿತು.

ನನಗೆ ಹೆಮ್ಮೆ ಇರುವುದು ದಿನದ ಲೆಕ್ಕದಲ್ಲಿ. ಟೆರೇಸ್ 16, ಟೈಲ್ಸ್ ಬರಲು 18, ಬಾತ್‌ರೂಮ್ 6. ಸೂಪರ್‌ವೈಸರ್ ಕೂಡಿಸಿ 40 ದಿನ ಅಂತ ಬರೆಯೋಣ ಎಂದ. ಆದರೆ ಮೂರೂ ಒಂದರ ಹಿಂದೆ ಒಂದು ಬರಲ್ಲ. ಟೈಲ್ಸ್ ಬರುವಷ್ಟರಲ್ಲಿ ಟೆರೇಸೂ ಮುಗಿಯುತ್ತೆ, ಪೈಪೂ ಮುಗಿಯುತ್ತೆ. ನಿಜವಾದ ತಡ 18 ದಿನ. ಆದರೆ ಮೇಲಿನ ಪೇಂಟಿಂಗ್, ಕೆಳಗಿನ ಟೈಲ್ಸ್ ಎರಡೂ ಒಟ್ಟಿಗೇ ಮುಗಿಯುವುದರಿಂದ ಬಾಗಿಲು ಕೂರಿಸುವವರು, ಪಾಲಿಶ್‌ನವರು ಒಬ್ಬರನ್ನೊಬ್ಬರು ಕಾಯಬೇಕು. ಅದಕ್ಕೆ 6 ದಿನ. ಒಟ್ಟು 24. ನವೆಂಬರ್ 13 ಆಗುತ್ತದೆ. ನಾನು ಕೊಟ್ಟಿದ್ದು ನವೆಂಬರ್ 18. ಆ ಐದು ದಿನ ಎಲ್ಲಿಂದ ಬಂತು, ಎಷ್ಟು ಇಡಬೇಕು ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ. ಇಷ್ಟು ಹೇಳುತ್ತೇನೆ: ಪುತ್ತರಿ ಹಬ್ಬ ಕಳೆದು ಕಾಫಿ ಕುಯ್ಯುವುದು ಜೋರಾದ ಮೇಲೆ ಹೆಲ್ಪರ್‌ಗಳು ತೋಟಕ್ಕೆ ಹೋಗುತ್ತಾರೆ, ಅದರೊಳಗೆ ಮುಗಿಯುವ ದಿನಾಂಕವನ್ನೇ ಕೊಡಬೇಕು.

ಪತ್ರದ ಮೊದಲ ಸಾಲಿನಲ್ಲೇ ಹೊಸ ದಿನಾಂಕ ಹಾಕಿದೆ. ಕೊನೆಯಲ್ಲಿ ಮೇಡಂ ಅವರಿಂದ ಬೇಕಾದ ಒಂದೇ ತೀರ್ಮಾನ: ಕಡಿಮೆ ಬಿದ್ದ ಟೈಲ್ಸ್ ಬೇರೆ ಬ್ಯಾಚಿನಿಂದ ಬಂದರೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತೆ. ಹಳೇ ಬ್ಯಾಚನ್ನು ಹಾಲ್‌ಗೆ, ಹೊಸದನ್ನು ಪೂರ್ತಿ ರೂಮುಗಳಿಗೆ ಹಾಕೋಣವೇ? ಶುಕ್ರವಾರದೊಳಗೆ ತಿಳಿಸಿ. ಹೆಚ್ಚುವರಿ ಟೈಲ್ಸ್ ದುಡ್ಡು ನಮ್ಮದು.

ನಮ್ಮ ಪಾಲುದಾರರು ಓದಿ, "ಇಷ್ಟು ಒಪ್ಪಿಕೊಂಡರೆ ಮುಂದಿನ ಬಿಲ್ಲಿನ ದುಡ್ಡು ಬರಲ್ಲ" ಎಂದರು. ವಾಯ್ಸ್ ಮೆಸೇಜ್ ಸಾಕು, ಬರವಣಿಗೆ ಬೇಡ ಅಂತಲೂ ಹೇಳಿದರು. ವಾಯ್ಸ್ ಮೆಸೇಜ್ ಹಿಂದೆ ಮಾಡಿ ನೋಡಿದ್ದೆ. ಎರಡು ವಾರದ ನಂತರ ಯಾವ ದಿನಾಂಕ ಹೇಳಿದ್ದು ಅಂತ ಇಬ್ಬರಿಗೂ ನೆನಪಿರಲಿಲ್ಲ. ಸೆಪ್ಟೆಂಬರ್ 17ಕ್ಕೆ ಪತ್ರ ಕಳಿಸಿಯೇ ಬಿಟ್ಟೆ, ಟೆರೇಸ್ ಎದ್ದು ಬಂದ ನಾಲ್ಕನೇ ದಿನ. ಹಿಂದೆಲ್ಲ ಗ್ರೂಪಿಗೆ ಗೊತ್ತಾದ ತಿಂಗಳ ಮೇಲೆ ಮಾಲೀಕರಿಗೆ ಗೊತ್ತಾಗುತ್ತಿತ್ತು.

ಅದೇ ಸಂಜೆ ಮೇಡಂ ಫೋನ್ ಮಾಡಿದರು. ಬೇಜಾರಾಗಿದ್ದರು. ರಾಜ್ಯೋತ್ಸವದ ರಜೆಗೆ ನಾಲ್ಕು ರೂಮ್ ಬುಕ್ಕಿಂಗ್ ತಗೊಂಡಿದ್ದರಂತೆ. "ಆರು ವಾರ ಮೊದಲೇ ಹೇಳಿದ್ದಕ್ಕೆ ಅವರಿಗೆ ಬೇರೆ ಕಡೆ ವ್ಯವಸ್ಥೆ ಮಾಡಬಹುದು" ಎಂದರು. ಟೈಲ್ಸ್ ತೀರ್ಮಾನ ಗುರುವಾರವೇ ಬಂತು. ನಾಲ್ಕೂವರೆ ಲಕ್ಷದ ಬಿಲ್ ಮುಂದಿನ ವಾರ ಬಂತು.

ಟೆರೇಸಿಗೆ ನನ್ನ ಕೈಯಿಂದ ಸುಮಾರು 70,000, ಟೈಲ್ಸ್‌ಗೆ ಮೂವತ್ತರ ಹತ್ತಿರ ಹೋಯಿತು. ನವೆಂಬರ್ 16ಕ್ಕೆ ಬೀಗದ ಕೈ ಕೊಟ್ಟೆವು. ಸುಮಾರು ನಾಲ್ಕು ವಾರಕ್ಕೆ 40,000 ಕಡಿತ ಆಗಬೇಕಿತ್ತು. ಮೇಡಂ ಹಿಡಿದದ್ದು 20,000. ಬಾತ್‌ರೂಮಿನ ಆರು ದಿನದ ಮಾತನ್ನು ನಾನು ಎತ್ತಲೇ ಇಲ್ಲ, ಲೆಕ್ಕ ಮಾಡುವಾಗ ಅದನ್ನು ಎತ್ತಿದವರು ಅವರೇ.