ತಂದೆಯ ಹೆಸರಿನ ಜಾಗದಲ್ಲಿ ಊರಿನ ಹೆಸರು: ತಿರಸ್ಕೃತವಾದ ಪಿಎಫ್ ಹಣ ಕೈಸೇರಿದ ಬಗೆ

ಕೆಲಸ ಬಿಟ್ಟ ಮೇಲೆ ಪಿಎಫ್ ಹಣಕ್ಕಾಗಿ ಸಲ್ಲಿಸಿದ ಫಾರಂ 19 ತಿರಸ್ಕೃತವಾಯಿತು. ಕಾರಣ, ತಂದೆಯ ಹೆಸರು ಹೊಂದುತ್ತಿಲ್ಲ. ಸದಸ್ಯರ ಪೋರ್ಟಲ್‌ನಲ್ಲಿ ನನ್ನ ವಿವರ ತೆರೆದರೆ, ತಂದೆಯ ಹೆಸರಿನ ಜಾಗದಲ್ಲಿ ನಮ್ಮ ಊರಿನ ಹೆಸರು ಕುಳಿತಿತ್ತು! ನನ್ನ ಇನಿಷಿಯಲ್ ಊರಿನದು. ಕಂಪನಿಯಲ್ಲಿ ಯಾರೋ ಅದನ್ನೇ ಅಪ್ಪನೆಂದು ಭಾವಿಸಿ ತುಂಬಿದ್ದರು.

ಇಂಥ ದೋಷವಿರುವಾಗ ಅದೇ ಅರ್ಜಿಯನ್ನು ಮತ್ತೆ ಹಾಕುವುದು ವ್ಯರ್ಥ. ಮೊದಲು ದಾಖಲೆ ಸರಿಯಾಗಬೇಕು. ಅದಕ್ಕಿರುವುದು ಪೋರ್ಟಲ್‌ನ Manage ಮೆನುವಿನ ಅಡಿಯ Joint Declaration, ಅಂದರೆ ನೌಕರ ಮತ್ತು ಮಾಲೀಕರ ಜಂಟಿ ಘೋಷಣೆ. ಪಾಸ್‌ಪೋರ್ಟ್ ಮತ್ತು ಪಡಿತರ ಚೀಟಿಯ ಪ್ರತಿ ಲಗತ್ತಿಸಿ ಸಲ್ಲಿಸಿದೆ. 2017ರ ಅಕ್ಟೋಬರ್ ನಂತರ ಆಧಾರ್ ಮೂಲಕ ಬಂದ ಯುಎಎನ್, ಅಂದರೆ ಪಿಎಫ್ ಸದಸ್ಯರ ಗುರುತಿನ ಸಂಖ್ಯೆ, ಆಗಿದ್ದರೆ ಇಂಥ ಹಲವು ವಿವರಗಳನ್ನು ಸದಸ್ಯರೇ ತಿದ್ದಿಕೊಳ್ಳಬಹುದು. ನನ್ನದು ಹಳೆಯದು, ಹಾಗಾಗಿ ಕಂಪನಿಯ ಒಪ್ಪಿಗೆ ಬೇಕಾಯಿತು. ಅರ್ಜಿ ಕೊಳೆಯುವುದು ಇಲ್ಲಿಯೇ. ಅದು ಮಾಲೀಕರ ಲಾಗಿನ್‌ನಲ್ಲೇ ನಿಂತಿದೆಯೆಂದು ಸ್ಥಿತಿಯಲ್ಲಿ ಕಂಡಾಗ, ಅದರ ಚಿತ್ರದೊಂದಿಗೆ ಮಾನವ ಸಂಪನ್ಮೂಲ ವಿಭಾಗಕ್ಕೆ ಇಮೇಲ್ ಬರೆದೆ.

ಕಂಪನಿ ಒಪ್ಪಿದ ಮೇಲೂ ಪಿಎಫ್ ಕಚೇರಿಯಲ್ಲಿ ಕಡತ ಅಲುಗಲಿಲ್ಲ. ಆಗ ಪಿಎಫ್ ಸಂಸ್ಥೆಯ EPFiGMS ದೂರು ಪೋರ್ಟಲ್‌ನಲ್ಲಿ ದೂರು ಹಾಕಿದೆ. ಗೋಳು ತೋಡಿಕೊಳ್ಳಲಿಲ್ಲ: ತಿರಸ್ಕೃತ ಅರ್ಜಿಯ ಸಂಖ್ಯೆ, ಕೊಟ್ಟ ಕಾರಣ, ಕಂಪನಿ ಒಪ್ಪಿದ ದಿನಾಂಕ, ಏನು ತಿದ್ದಬೇಕು, ಇಷ್ಟೇ. ತಿದ್ದುಪಡಿಯಾಯಿತೆಂಬ ಉತ್ತರ ಬಂತು. ಉತ್ತರವನ್ನು ನಂಬದೆ ನನ್ನ ವಿವರದಲ್ಲಿ ಅಪ್ಪನ ಹೆಸರು ನೋಡಿದ ಮೇಲೆಯೇ ಹೊಸದಾಗಿ ಫಾರಂ 19 ಹಾಕಿದೆ. ಈ ಬಾರಿ ಹಣ ಖಾತೆಗೆ ಬಂತು.